ಕಾಗದದ ಮೇಲಿನ ಸೀಲಿನಿಂದ ಶಾಯಿಯನ್ನಷ್ಟೇ ಬೇರ್ಪಡಿಸುವುದು ಹೇಗೆ?

ಪ್ರಶ್ನೆ: ನಾನು ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿ. ಸಂಘದ ನೇರಳೆ ಬಣ್ಣದ ದುಂಡು ಸೀಲನ್ನು ಸ್ಕ್ಯಾನ್ ಮಾಡಿ, ಬಿಳಿ ಹಿನ್ನೆಲೆಯನ್ನು ಅಳಿಸಿ, ಕಂಪ್ಯೂಟರಿನಲ್ಲಿ ತಯಾರಿಸುವ ಪತ್ರಗಳಿಗೆ ಹಾಕುತ್ತಿದ್ದೇನೆ. ಬಿಳಿ ಹಾಳೆಯ ಮೇಲೆ ಸರಿಯಾಗಿಯೇ ಕಾಣುತ್ತದೆ. ಆದರೆ ನಮ್ಮ ತಿಳಿಹಳದಿ ಲೆಟರ್‌ಹೆಡ್ಡಿನ ಮೇಲೆ ಅಕ್ಷರಗಳ ಸುತ್ತ ಬೆಳ್ಳನೆಯ ಅಂಚು ಕಾಣಿಸುತ್ತದೆ, ಒತ್ತಕ್ಷರಗಳು ಮುಚ್ಚಿಹೋದಂತಿವೆ. ಸರಿಯಾದ ಕ್ರಮ ಯಾವುದು?

ಉತ್ತರ: ನೀವು ಹೇಳಿರುವ ಎರಡೂ ದೋಷಗಳಿಗೆ ಮೂಲ ಒಂದೇ. ಬಿಳಿಯ ಭಾಗವನ್ನು ಆಯ್ದು ಅಳಿಸುವಾಗ ನಾವು ಪ್ರತಿಯೊಂದು ಪಿಕ್ಸೆಲ್ಲಿಗೂ ‘ನೀನು ಶಾಯಿಯೋ ಕಾಗದವೋ’ ಎಂದು ಕೇಳಿ, ಎರಡರಲ್ಲಿ ಒಂದು ಉತ್ತರವನ್ನು ಬಲವಂತವಾಗಿ ಪಡೆಯುತ್ತೇವೆ. ವಾಸ್ತವದಲ್ಲಿ ಸೀಲಿನ ಗುರುತಿನಲ್ಲಿ ಬಹಳಷ್ಟು ಪಿಕ್ಸೆಲ್‌ಗಳು ಎರಡೂ ಅಲ್ಲ. ಅಕ್ಷರದ ಅಂಚಿನಲ್ಲಿ ಬರುವ ಪಿಕ್ಸೆಲ್ ಅರ್ಧ ಶಾಯಿಯನ್ನೂ ಅರ್ಧ ಕಾಗದವನ್ನೂ ನೋಡಿರುತ್ತದೆ. ಶಾಯಿ ತೆಳುವಾಗಿ ಬಿದ್ದ ಕಡೆ ಕಾಗದದ ನಾರುಗಳ ನಡುವೆ ಬಿಳುಪು ಇಣುಕುತ್ತಿರುತ್ತದೆ. ಆದ್ದರಿಂದ ಕಾಗದವನ್ನು ಅಳಿಸುವ ಯೋಚನೆಯನ್ನೇ ಬಿಟ್ಟು, ಪ್ರತಿ ಪಿಕ್ಸೆಲ್ಲಿನಲ್ಲಿ ಶಾಯಿ ಎಷ್ಟು ಪಾಲು ಇದೆ ಎಂದು ಅಳೆದು, ಆ ಅಳತೆಯನ್ನೇ ಪಾರದರ್ಶಕತೆಯಾಗಿ ಬರೆದುಕೊಳ್ಳಬೇಕು. ಬಣ್ಣವನ್ನು ಮಾತ್ರ ಇಡೀ ಸೀಲಿಗೆ ಒಂದೇ ಕೊಡಬೇಕು. ಈ ಒಂದು ಬದಲಾವಣೆಯಿಂದ ಬೆಳ್ಳನೆಯ ಅಂಚು ಹೋಗುತ್ತದೆ, ಒತ್ತಕ್ಷರಗಳೂ ತೆರೆದುಕೊಳ್ಳುತ್ತವೆ.

ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಪ್ರತಿ ಪಿಕ್ಸೆಲ್ಲಿಗೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಿರುತ್ತವೆ. ಪ್ರತಿಯೊಂದೂ 0ಯಿಂದ 255ರವರೆಗೆ. ನಿಮ್ಮ ಹಾಳೆಯ ಖಾಲಿ ಜಾಗದಲ್ಲಿ ಆ ಅಂಕಿಗಳು 240, 238, 232 ಎಂದು ಬಂದಿವೆ ಎಂದಿಟ್ಟುಕೊಳ್ಳಿ. ಶಾಯಿ ಅತಿ ದಟ್ಟವಾಗಿ ಬಿದ್ದ ಕಡೆ 78, 62, 150. ಇವೆರಡರ ನಡುವಿನ ಅಂಚಿನ ಪಿಕ್ಸೆಲ್ಲೊಂದು 159, 150, 191 ಎಂದು ಓದುತ್ತದೆ. ಹಸಿರಿನ ಅಂಕಿಯನ್ನು ಮಾತ್ರ ತೆಗೆದುಕೊಂಡರೆ, ಕಾಗದದಿಂದ ದಟ್ಟ ಶಾಯಿಯವರೆಗಿನ ಇಳಿತ 238ರಿಂದ 62ಕ್ಕೆ, ಅಂದರೆ 176. ಈ ಪಿಕ್ಸೆಲ್ 238ರಿಂದ 150ಕ್ಕೆ ಇಳಿದಿದೆ, ಅಂದರೆ 88. 88ನ್ನು 176ರಿಂದ ಭಾಗಿಸಿದರೆ ಅರ್ಧ. ಹಾಗಾದರೆ ಇಲ್ಲಿ ಶಾಯಿಯ ಪಾಲು ಅರ್ಧ, ಕಾಗದದ ಪಾಲು ಅರ್ಧ.

ಹಿನ್ನೆಲೆ ಅಳಿಸುವ ಸಾಮಾನ್ಯ ಸಲಕರಣೆ ಈ ಪಿಕ್ಸೆಲ್ಲನ್ನು ಉಳಿಸಿಕೊಂಡರೆ, ಅದರ ತಿಳಿನೇರಳೆ ಬಣ್ಣವನ್ನು ಪೂರ್ತಿ ಗಟ್ಟಿಯಾಗಿ ಉಳಿಸುತ್ತದೆ. ಆ ತಿಳಿಬಣ್ಣದೊಳಗೆ ಹಳೆಯ ಹಾಳೆಯ ಬಿಳುಪು ಸೇರಿಕೊಂಡಿದೆ. ಬಿಳಿ ಹಾಳೆಯ ಮೇಲೆ ಅದು ಗೊತ್ತಾಗುವುದಿಲ್ಲ. ಹಳದಿ ಲೆಟರ್‌ಹೆಡ್ಡಿನ ಮೇಲೆ ಇಟ್ಟ ಕೂಡಲೇ ಅಕ್ಷರದ ಸುತ್ತ ಬೆಳ್ಳನೆಯ ಗೆರೆಯಾಗಿ ಎದ್ದು ಕಾಣುತ್ತದೆ. ಅದನ್ನು ಹೋಗಲಾಡಿಸಲು ಅಳಿಸುವ ಮಿತಿಯನ್ನು ಹೆಚ್ಚಿಸಿದರೆ ತೆಳುವಾದ ಗೆರೆಗಳು ಹರಿದುಹೋಗುತ್ತವೆ. ಗೆರೆಗಳನ್ನು ಉಳಿಸಲು ಮಿತಿಯನ್ನು ಇಳಿಸಿದರೆ ಒತ್ತಕ್ಷರದ ಕಿರಿದಾದ ಒಳಕುಣಿಕೆಗಳು ತುಂಬಿಕೊಳ್ಳುತ್ತವೆ. ಕನ್ನಡ ಲಿಪಿಯಲ್ಲಿ ಇಂಥ ಕುಣಿಕೆಗಳು ಬಹಳ. ‘ಉತ್ಪಾದಕರ’ ಎಂಬ ಒಂದೇ ಪದದಲ್ಲಿ ಎಷ್ಟಿವೆ ನೋಡಿ. ಹೀಗಾಗಿ ಇಂಗ್ಲಿಷ್ ದೊಡ್ಡಕ್ಷರಗಳ ಸೀಲಿಗೆ ಹೇಗೋ ನಡೆದುಹೋಗುವ ಒರಟು ವಿಧಾನ ನಮ್ಮ ಸೀಲುಗಳಿಗೆ ನಡೆಯುವುದಿಲ್ಲ.

ಇನ್ನು ಕೆಲಸದ ಕ್ರಮಕ್ಕೆ ಬರುತ್ತೇನೆ. ಮೊದಲು ಹೊಸದಾಗಿ ಒಂದು ಗುರುತು ಒತ್ತಿಕೊಳ್ಳಿ. ಹಳೆಯ ಪತ್ರವೊಂದರ ಮೇಲೆ ಸಹಿ ಮತ್ತು ಅಕ್ಷರಗಳ ನಡುವೆ ಬಿದ್ದಿರುವ ಸೀಲನ್ನು ಬಿಡಿಸಿಕೊಳ್ಳುವುದು ಅನಗತ್ಯ ಶ್ರಮ. ಕಪ್ಪು ಅಕ್ಷರದ ಮೇಲೆ ಹಾದುಹೋದ ಕಡೆ ಶಾಯಿ ಎಷ್ಟಿತ್ತು ಎಂಬುದನ್ನು ಯಾವ ಲೆಕ್ಕವೂ ಮರಳಿ ಕೊಡಲಾರದು. ಗೆರೆಯಿಲ್ಲದ, ನೀರ್ಗುರುತಿಲ್ಲದ, ನುಣುಪಾದ ಸಾಧಾರಣ ಪ್ರಿಂಟರ್ ಹಾಳೆ ಸಾಕು. ಹೊಳಪು ಲೇಪನದ ಹಾಳೆ ಬೇಡ, ಅದರಲ್ಲಿ ನೀರು ಮೂಲದ ಶಾಯಿ ಇಂಗದೆ ನಿಂತು ಹರಡುತ್ತದೆ. ಹಾಳೆಯ ಕೆಳಗೆ ನಾಲ್ಕೈದು ಹಾಳೆಗಳ ಮೆತ್ತೆ ಇಟ್ಟುಕೊಳ್ಳಿ. ಸೀಲಿನ ರಬ್ಬರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಮ್ಮೆ ಉಜ್ಜಿ, ಕುಣಿಕೆಗಳಲ್ಲಿ ಕುಳಿತ ಒಣಶಾಯಿಯನ್ನು ತೆಗೆಯಿರಿ. ಒತ್ತಕ್ಷರಗಳು ಮುಚ್ಚಿಹೋಗಲು ಅನೇಕ ಬಾರಿ ಇದೇ ಅರ್ಧ ಕಾರಣ. ಪ್ಯಾಡಿಗೆ ಆಗತಾನೇ ಶಾಯಿ ಹಾಕಿದ್ದರೆ ಮೊದಲ ಕೆಲವು ಗುರುತುಗಳನ್ನು ರದ್ದಿ ಹಾಳೆಯ ಮೇಲೆ ಒತ್ತಿ, ಶಾಯಿ ಹದಕ್ಕೆ ಬಂದ ಮೇಲೆ ಒಳ್ಳೆಯ ಹಾಳೆಯಲ್ಲಿ ಹತ್ತಾರು ಗುರುತುಗಳನ್ನು ಒತ್ತಿ ಅತ್ಯುತ್ತಮವಾದದ್ದನ್ನು ಆರಿಸಿ. ಪೂರ್ತಿ ಒಣಗಿದ ಮೇಲೆಯೇ ಸ್ಕ್ಯಾನರಿನ ಗಾಜಿನ ಮೇಲಿಡಿ.

ಆರಿಸುವಾಗ ಒಂದು ಸಂಗತಿಯನ್ನು ಗಮನಿಸಬೇಕು. ರಬ್ಬರ್ ಕಾಗದವನ್ನು ಒತ್ತಿದಾಗ ಶಾಯಿ ಅಕ್ಷರದ ನಡುಭಾಗದಿಂದ ಅಂಚಿನ ಕಡೆಗೆ ತಳ್ಳಲ್ಪಡುತ್ತದೆ. ಆದ್ದರಿಂದ ನಿಜವಾದ ಸೀಲಿನ ಗುರುತಿನಲ್ಲಿ ಪ್ರತಿ ಗೆರೆಯ ಅಂಚು ಸ್ವಲ್ಪ ಕಡುವಾಗಿ, ನಡುವೆ ಸ್ವಲ್ಪ ತಿಳಿಯಾಗಿ ಇರುತ್ತದೆ. ಇದು ದೋಷವಲ್ಲ, ಸೀಲು ಸೀಲಿನಂತೆ ಕಾಣಲು ಇದೇ ಕಾರಣ. ಎಲ್ಲವೂ ಒಂದೇ ಸಮನಾಗಿ ತುಂಬಿದ ಗುರುತನ್ನು ಹುಡುಕಬೇಡಿ. ಕುಣಿಕೆಗಳು ತೆರೆದಿವೆಯೇ, ಹೊರವೃತ್ತ ಎಲ್ಲೂ ಕಡಿದಿಲ್ಲವೇ ಎಂದಷ್ಟೇ ನೋಡಿ.

ಸ್ಕ್ಯಾನ್ ಮಾಡುವಾಗ ಬಣ್ಣದಲ್ಲಿಯೇ ಮಾಡಿ, 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಪಿಕ್ಸೆಲ್ ಬರುವಂತೆ ಮಾಡಿ. ನಿಮ್ಮ ಸೀಲು 38 ಮಿ.ಮೀ. ವ್ಯಾಸದ್ದಾದರೆ 600 ಡಿಪಿಐನಲ್ಲಿ ಅದು ಸುಮಾರು 898 ಪಿಕ್ಸೆಲ್ ಅಗಲ ಬರುತ್ತದೆ. ಒತ್ತಕ್ಷರವೊಂದು 0.8 ಮಿ.ಮೀ. ಎತ್ತರವಿದೆ ಎಂದುಕೊಂಡರೆ ಅದಕ್ಕೆ ಸುಮಾರು 19 ಪಿಕ್ಸೆಲ್ ಸಿಗುತ್ತವೆ; 300 ಡಿಪಿಐನಲ್ಲಿ ಸಿಗುವುದು 9 ಮಾತ್ರ, ಅಷ್ಟರಲ್ಲಿ ಗೆರೆಯನ್ನೂ ಅದರೊಳಗಿನ ತೆರವನ್ನೂ ಹಿಡಿಯುವುದು ಕಷ್ಟ. 1200ಕ್ಕೆ ಹೋದರೆ ಕಾಗದದ ನಾರೇ ಹೆಚ್ಚು ಕಾಣುತ್ತದೆ, ಅಕ್ಷರಕ್ಕೆ ಅದರಿಂದ ದೊಡ್ಡ ಲಾಭವಿಲ್ಲ.

ಸ್ಕ್ಯಾನರಿನ ತಂತ್ರಾಂಶದಲ್ಲಿ ಚಿತ್ರವನ್ನು ತಾನಾಗಿ ‘ಸುಧಾರಿಸುವ’ ಆಯ್ಕೆಗಳೆಲ್ಲವನ್ನೂ ತೆಗೆದುಹಾಕಿ. ಮುಖ್ಯವಾಗಿ ಅಂಚನ್ನು ಹರಿತಗೊಳಿಸುವ ಶಾರ್ಪನಿಂಗ್ ಇರಬಾರದು. ಅದು ಅಕ್ಷರದ ಹೊರಗೆ ಕಾಗದಕ್ಕಿಂತಲೂ ಬಿಳಿಯಾದ ಒಂದು ಕೃತಕ ಗೆರೆಯನ್ನು ಎಳೆಯುತ್ತದೆ, ಶಾಯಿಯ ಪಾಲಿನ ಲೆಕ್ಕ ಅಲ್ಲಿಯೇ ಕೆಡುತ್ತದೆ. ಹಾಳೆಯ ಹಿಂಬದಿಯಲ್ಲಿ ಏನಾದರೂ ಮುದ್ರಿತವಾಗಿದ್ದರೆ ಹಿಂದೆ ಒಂದು ಕಪ್ಪು ಕಾಗದ ಇಟ್ಟು ಸ್ಕ್ಯಾನ್ ಮಾಡಿ. ಹಿಂಬದಿಯ ಅಕ್ಷರ ಮುಂದೆ ಮಸುಕಾಗಿ ಕಾಣುವುದು ಬಹುತೇಕ ನಿಲ್ಲುತ್ತದೆ. ಇಡೀ ಹಾಳೆ ತುಸು ಮಬ್ಬಾದರೂ ಒಂದೇ ಸಮನಾಗಿ ಮಬ್ಬಾಗುವುದರಿಂದ ತೊಂದರೆಯಿಲ್ಲ.

ಕಡತವನ್ನು ಪಿಎನ್‌ಜಿ ಅಥವಾ ಟಿಫ್ ರೂಪದಲ್ಲಿ ಉಳಿಸಿ. ಜೆಪೆಗ್ ಬೇಡ ಎಂದು ಒತ್ತಿ ಹೇಳುತ್ತೇನೆ. ಅದರಲ್ಲಿ ಪಾರದರ್ಶಕತೆಗೆ ಜಾಗವಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಕಾರಣ. ಅದಕ್ಕಿಂತ ಮುಖ್ಯವಾದದ್ದು, ಅದು ಚಿತ್ರವನ್ನು 8 ಪಿಕ್ಸೆಲ್ ಚದರದ ತುಣುಕುಗಳಾಗಿ ಮಾಡಿ ಕುಗ್ಗಿಸುವಾಗ ಗಾಢವಾದ ಅಂಚುಗಳ ಸುತ್ತ ನಸುಚುಕ್ಕೆಗಳನ್ನು ಬಿಡುತ್ತದೆ ಮತ್ತು ಸಾಮಾನ್ಯವಾಗಿ ಬಣ್ಣವನ್ನು ಅಕ್ಕಪಕ್ಕದ ಪಿಕ್ಸೆಲ್‌ಗಳ ಮೇಲೆ ಹರಡುತ್ತದೆ. ಬಿಳಿ ಹಿನ್ನೆಲೆಯಲ್ಲಿ ಕಣ್ಣಿಗೆ ಬೀಳದ ಆ ಚುಕ್ಕೆಗಳು ಶಾಯಿಯನ್ನು ಬೇರ್ಪಡಿಸಿದಾಗ ಅಕ್ಷರಗಳ ಸುತ್ತ ನೇರಳೆ ಧೂಳಿನಂತೆ ಹೊರಬರುತ್ತವೆ. ಒಮ್ಮೆ ಜೆಪೆಗ್ ಆದದ್ದನ್ನು ಪಿಎನ್‌ಜಿಗೆ ಬದಲಾಯಿಸಿದರೂ ಅವು ಹೋಗುವುದಿಲ್ಲ. ಸ್ಕ್ಯಾನನ್ನು ವಾಟ್ಸ್ಆ್ಯಪಿನಲ್ಲಿ ಕಳಿಸುವುದಾದರೆ ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಮೊಬೈಲಿನಲ್ಲಿ ತೆಗೆದ ಫೋಟೋದಿಂದಲೂ ಈ ಕೆಲಸ ಆಗುತ್ತದೆ, ಆದರೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಫೋಟೋದಲ್ಲಿ ಹಾಳೆಯ ಒಂದು ಮೂಲೆ 240 ಇದ್ದರೆ ಇನ್ನೊಂದು ಮೂಲೆ ನೆರಳಿನಿಂದ 190 ಇರುತ್ತದೆ. ಕಾಗದದ ಅಂಕಿ ಒಂದೇ ಎಂದುಕೊಂಡು ಮಾಡುವ ನಮ್ಮ ಲೆಕ್ಕ ಆ ನೆರಳನ್ನೂ ಶಾಯಿ ಎಂದೇ ಎಣಿಸುತ್ತದೆ. ಊರಿನ ಜೆರಾಕ್ಸ್ ಅಂಗಡಿಯಲ್ಲಿ ಫ್ಲಾಟ್‌ಬೆಡ್ ಸ್ಕ್ಯಾನರ್ ಇದ್ದರೆ ಅಲ್ಲಿಗೆ ಹೋಗಿ ಮಾಡಿಸುವುದು ಮೇಲು. ಜೆಪೆಗ್ ಬೇಡ, 600 ಡಿಪಿಐ ಬಣ್ಣದ ಪಿಎನ್‌ಜಿ ಬೇಕು ಎಂದು ಮೊದಲೇ ಹೇಳಿ.

ಈಗ ಶಾಯಿಯನ್ನು ಬೇರ್ಪಡಿಸುವ ಕೆಲಸ. ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ ಇದು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಸೀಲಿನ ಸುತ್ತ ಬೆರಳಗಲ ಖಾಲಿ ಕಾಗದ ಉಳಿಯುವಂತೆ ಚಿತ್ರವನ್ನು ಕತ್ತರಿಸಿಕೊಳ್ಳಿ. ಬಣ್ಣ ಹೆಕ್ಕುವ ಸಲಕರಣೆಯಲ್ಲಿ `Sample average` ಆಯ್ಕೆಯನ್ನು ಹಾಕಿಕೊಂಡು, ಖಾಲಿ ಕಾಗದದ ಎರಡು ಮೂರು ಕಡೆ ಮತ್ತು ಶಾಯಿ ದಟ್ಟವಾಗಿ ಬಿದ್ದ ಎರಡು ಮೂರು ಕಡೆ ಅಂಕಿಗಳನ್ನು ಓದಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನದೆಲ್ಲ ಈ ಅಂಕಿಗಳ ಮೇಲೆ ನಿಂತಿದೆ. ಶಾಯಿಗೆ ಸರಾಸರಿ ಬಣ್ಣವನ್ನು ಹಿಡಿಯಬೇಡಿ, ಕಡುವಾದ ಅಂಚಿನ ಹತ್ತಿರದ ಬಣ್ಣವನ್ನು ಹಿಡಿಯಿರಿ. ಸರಾಸರಿಯನ್ನೇ ‘ಪೂರ್ತಿ ಶಾಯಿ’ ಎಂದು ಕರೆದರೆ ಅದಕ್ಕಿಂತ ಕಡುವಾದದ್ದೆಲ್ಲ ಅದರ ಮಟ್ಟಕ್ಕೆ ಇಳಿದು, ಗೆರೆಯ ಅಂಚು ಮತ್ತು ನಡುಭಾಗದ ವ್ಯತ್ಯಾಸ ಅಳಿಸಿಹೋಗುತ್ತದೆ. ಸೀಲು ಕಂಪ್ಯೂಟರಿನಲ್ಲಿ ಬರೆದ ಚಿತ್ರದಂತೆ ಚಪ್ಪಟೆಯಾಗುತ್ತದೆ.

ನಂತರ `Colors → Color to Alpha` ತೆರೆಯಿರಿ. ಅಲ್ಲಿರುವ ಬಣ್ಣದ ಚೌಕಕ್ಕೆ ಬಿಳಿಯನ್ನಲ್ಲ, ನಿಮ್ಮ ಕಾಗದದ ಬಣ್ಣವನ್ನು, ಅಂದರೆ ನಮ್ಮ ಉದಾಹರಣೆಯಲ್ಲಿ 240, 238, 232ನ್ನು ಕೊಡಿ. ಬಿಳಿಯನ್ನೇ ಬಿಟ್ಟರೆ ಕಾಗದ ಮತ್ತು ಬಿಳಿಯ ನಡುವಿನ ಸಣ್ಣ ವ್ಯತ್ಯಾಸ ಇಡೀ ಚಿತ್ರದ ಮೇಲೆ ತೆಳುವಾದ ಪೊರೆಯಾಗಿ ಉಳಿದುಬಿಡುತ್ತದೆ. ಈ ಸಲಕರಣೆ ಮೂರು ಬಣ್ಣಗಳಲ್ಲಿ ಯಾವುದರಲ್ಲಿ ಕಾಗದದಿಂದ ದೂರ ಹೆಚ್ಚಾಗಿದೆಯೋ ಅದನ್ನೇ ಹಿಡಿದು ಅಳೆಯುತ್ತದೆ. ನೇರಳೆ ಶಾಯಿಗೆ ಅದು ಹಸಿರಿನ ಅಂಕಿ. ನೀಲಿ ಶಾಯಿಯಾಗಿದ್ದರೆ ಕೆಂಪಿನದು ಆಗಿರುತ್ತಿತ್ತು.

ಆ ಕಿಟಕಿಯಲ್ಲಿ ಎರಡು ಅಳತೆಗಳಿವೆ, ಎರಡನ್ನೂ ಅವುಗಳ ಮೂಲ ಸ್ಥಾನದಲ್ಲಿ ಬಿಡುವುದರಿಂದಲೇ ಹೆಚ್ಚಿನವರಿಗೆ ಫಲಿತಾಂಶ ಪೇಲವವಾಗಿ ಬರುತ್ತದೆ. `Opacity threshold` ಎಂಬುದು ಕಾಗದದಿಂದ ಎಷ್ಟು ದೂರ ಹೋದರೆ ಪೂರ್ತಿ ಶಾಯಿ ಎಂದು ಪರಿಗಣಿಸಬೇಕು ಎಂಬುದನ್ನು ಹೇಳುತ್ತದೆ. ಮೊದಲಿಗೆ ಅದು 1 ಇರುತ್ತದೆ, ಅಂದರೆ ಮೂರರಲ್ಲಿ ಒಂದಾದರೂ ಅಂಕಿ 0ಗೆ ಇಳಿದ ಕಡೆ ಮಾತ್ರ ಶಾಯಿ ಪೂರ್ತಿ ಗಟ್ಟಿ. ನಮ್ಮ ನೇರಳೆ ಅಷ್ಟು ದೂರ ಹೋಗುವುದಿಲ್ಲವಾದ್ದರಿಂದ ದಟ್ಟ ಶಾಯಿಯೂ ಕಾಲು ಭಾಗದಷ್ಟು ಪಾರದರ್ಶಕವಾಗಿಯೇ ಉಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಹಸಿರಿನ ಇಳಿತ 176. ಅದನ್ನು 255ರಿಂದ ಭಾಗಿಸಿದರೆ 0.69. ಅಳತೆಯನ್ನು ಅಲ್ಲಿಗೆ ತನ್ನಿ. `Transparency threshold` ಎಂಬುದು ಕಾಗದದ ಸಹಜ ಏರುಪೇರನ್ನು ಎಷ್ಟರವರೆಗೆ ಲೆಕ್ಕಕ್ಕೆ ಹಿಡಿಯಬಾರದು ಎಂಬುದು. 0.035ರಿಂದ ಶುರುಮಾಡಿ, ಕಾಗದದ ಚುಕ್ಕೆಗಳು ಉಳಿದರೆ 0.06ರವರೆಗೆ ಏರಿಸಿ. ಅದಕ್ಕೂ ಮೇಲೆ ಹೋದರೆ ತೆಳುಶಾಯಿಯ ಭಾಗಗಳು ಕಳಚತೊಡಗುತ್ತವೆ.

ಇಲ್ಲಿಗೆ ಕೆಲಸ ಮುಗಿಯಿತು ಎಂದು ಬಹಳಷ್ಟು ಮಂದಿ ನಿಲ್ಲಿಸುತ್ತಾರೆ. ಇನ್ನೊಂದು ಹೆಜ್ಜೆ ಇದೆ, ಅದನ್ನು ಬಿಡಬೇಡಿ. ಪಾರದರ್ಶಕತೆ ಈಗ ಸರಿಯಾಗಿದೆ, ಆದರೆ ಬಣ್ಣಗಳು ಪಿಕ್ಸೆಲ್ಲಿನಿಂದ ಪಿಕ್ಸೆಲ್ಲಿಗೆ ಏರುಪೇರಾಗಿರುತ್ತವೆ, ತೆಳುವಾದ ಅಂಚುಗಳಲ್ಲಿ ಅಲ್ಲಲ್ಲಿ ಗುಲಾಬಿ, ನೀಲಿ ಛಾಯೆಗಳು ಇಣುಕುತ್ತವೆ. ಪದರಗಳ ಪಟ್ಟಿಯಲ್ಲಿ ಆಲ್ಫಾಕ್ಕೆ, ಅಂದರೆ ಪಾರದರ್ಶಕತೆಗೆ ಬೀಗ ಹಾಕುವ `Lock alpha channel` ಗುಂಡಿಯನ್ನು ಒತ್ತಿ, ಶಾಯಿಯ ಬಣ್ಣವನ್ನು, ಅಂದರೆ 78, 62, 150ನ್ನು ಮುನ್ನೆಲೆಯ ಬಣ್ಣವಾಗಿ ಆರಿಸಿ, `Edit → Fill with FG Color` ಕೊಡಿ. ಪಾರದರ್ಶಕತೆ ಇದ್ದಂತೆಯೇ ಉಳಿದು, ಸೀಲಿನ ಪ್ರತಿ ಪಿಕ್ಸೆಲ್ಲಿಗೂ ಒಂದೇ ಶಾಯಿಯ ಬಣ್ಣ ಬರುತ್ತದೆ. ಗೆರೆಯ ತೆಳುವು, ದಟ್ಟಣೆ, ನಾರಿನ ನಡುವಿನ ಬಿಳುಪು ಎಲ್ಲವನ್ನೂ ಇನ್ನು ಮುಂದೆ ಪಾರದರ್ಶಕತೆಯೇ ಹೊರುತ್ತದೆ. ಇದನ್ನು ಪಿಎನ್‌ಜಿಯಾಗಿ ಎಕ್ಸ್‌ಪೋರ್ಟ್ ಮಾಡಿದರೆ ಸಾಕು.

ನಿಮ್ಮಲ್ಲಿ ಅಧ್ಯಕ್ಷರ ಸೀಲು, ಕಾರ್ಯದರ್ಶಿಯ ಪದನಾಮದ ಉದ್ದ ಸೀಲು ಹೀಗೆ ಹಲವು ಇದ್ದು, ಎಲ್ಲವನ್ನೂ ಒಂದೇ ಅಳತೆಯಲ್ಲಿ ಮಾಡಬೇಕಾದರೆ ಇಮೇಜ್‌ಮ್ಯಾಜಿಕ್ ಎಂಬ ಉಚಿತ ಸಲಕರಣೆಯ ಎರಡು ಆದೇಶಗಳು ಅದೇ ಕೆಲಸವನ್ನು ಮಾಡುತ್ತವೆ:

```
magick scan.png -channel G -separate +channel -level 24%,90% -negate mask.png
magick mask.png -background "#4E3E96" -alpha shape seal.png
```

ಮೊದಲ ಸಾಲು ಹಸಿರಿನ ಅಂಕಿಗಳನ್ನಷ್ಟೇ ಬೇರೆ ತೆಗೆದು, 62ರ ಹತ್ತಿರದ ದಟ್ಟ ಶಾಯಿಯನ್ನು (255ರಲ್ಲಿ ಶೇ. 24) ಒಂದು ಕೊನೆಗೂ, 229ಕ್ಕಿಂತ ತಿಳಿಯಾದ ಕಾಗದವನ್ನು (ಶೇ. 90) ಇನ್ನೊಂದು ಕೊನೆಗೂ ಎಳೆದು, ಕಪ್ಪು ಬಿಳುಪನ್ನು ಅದಲುಬದಲು ಮಾಡುತ್ತದೆ. ಎರಡನೆಯ ಸಾಲು ಆ ಕಪ್ಪುಬಿಳುಪು ಚಿತ್ರವನ್ನು ಪಾರದರ್ಶಕತೆಯಾಗಿ ಮಾಡಿಕೊಂಡು, ಬಣ್ಣದ ಜಾಗದಲ್ಲಿ 78, 62, 150 ಎಂಬ ಒಂದೇ ನೇರಳೆಯನ್ನು ತುಂಬುತ್ತದೆ. ನೀಲಿ ಅಥವಾ ಹಸಿರು ಶಾಯಿಯ ಸೀಲಿಗೆ `G` ಬದಲು `R` ಹಾಕಿ; ಕೆಂಪು ಶಾಯಿಗೆ `G` ಸರಿಯಾಗಿಯೇ ಕೆಲಸ ಮಾಡುತ್ತದೆ. ಶೇಕಡಾ ಅಂಕಿಗಳನ್ನೂ `#4E3E96` ಎಂಬ ಶಾಯಿಯ ಬಣ್ಣವನ್ನೂ ಮಾತ್ರ ನಿಮ್ಮ ಚೀಟಿಯಿಂದ ಲೆಕ್ಕ ಹಾಕಿಕೊಳ್ಳಿ.

ಈ ವಿಧಾನಕ್ಕೆ ಕಣ್ಣಿಗೆ ಕಾಣದ ಇನ್ನೊಂದು ಲಾಭವಿದೆ. ಪೂರ್ತಿ ಪಾರದರ್ಶಕವಾದ ಪಿಕ್ಸೆಲ್‌ಗಳಲ್ಲೂ ಒಂದು ಬಣ್ಣ ಅಡಗಿರುತ್ತದೆ. ಅಲ್ಲಿ ಬಿಳಿ ಉಳಿದಿದ್ದರೆ, ಪಿಡಿಎಫ್ ತೆರೆಯುವ ಕೆಲವು ತಂತ್ರಾಂಶಗಳು ಚಿತ್ರವನ್ನು ಪರದೆಗೆ ಹೊಂದುವಂತೆ ಕಿರಿದು ಮಾಡುವಾಗ ಆ ಬಿಳಿಯನ್ನು ಪಕ್ಕದ ಅಂಚಿಗೆ ಬೆರೆಸಿಬಿಡುತ್ತವೆ, ಎಷ್ಟೇ ಎಚ್ಚರದಿಂದ ಅಳಿಸಿದ್ದರೂ ಬೆಳ್ಳನೆಯ ಗೆರೆ ಮತ್ತೆ ಬರುತ್ತದೆ. ಮೇಲಿನ ಎರಡನೆಯ ಆದೇಶ ಖಾಲಿ ಜಾಗಕ್ಕೂ ಅದೇ ನೇರಳೆಯನ್ನು ತುಂಬುವುದರಿಂದ ಬೆರೆಯಲು ಬಿಳಿಯೇ ಇರುವುದಿಲ್ಲ. ಗಿಂಪಿನಲ್ಲಿ ಮಾಡಿದ ಸೀಲು ದೊಡ್ಡದಾಗಿ ನೋಡಿದಾಗ ಶುಚಿಯಾಗಿದ್ದು, ಕಿರಿದಾಗಿ ನೋಡಿದಾಗ ಮಾತ್ರ ಅಂಚು ಬಿಳುಚಿಕೊಂಡರೆ ಕಾರಣ ಇದೇ ಎಂದು ತಿಳಿಯಿರಿ.

ಫಲಿತಾಂಶವನ್ನು ಬಿಳಿಯ ಮೇಲೆ ಪರೀಕ್ಷಿಸಬೇಡಿ, ಬಿಳಿ ಎಲ್ಲವನ್ನೂ ಮುಚ್ಚಿಡುತ್ತದೆ. ಕೆಳಗೊಂದು ಗಾಢ ಹಳದಿ ಪದರ ಇಟ್ಟು ನೋಡಿ, ಆಮೇಲೆ ಕಪ್ಪು ಪದರ ಇಟ್ಟು ನೋಡಿ. ಹಳದಿಯ ಮೇಲೆ ಅಕ್ಷರದ ಸುತ್ತ ತಿಳಿಗೆರೆ ಕಂಡರೆ ಬಣ್ಣವನ್ನು ಒಂದೇ ಮಾಡುವ ಹೆಜ್ಜೆ ತಪ್ಪಿದೆ. ಹಳದಿಯ ಮೇಲೆ ಸೀಲಿನ ಸುತ್ತ ಚೌಕಾಕಾರದ ನಸುಮಬ್ಬು ಕಂಡರೆ ಕಾಗದ ಪೂರ್ತಿ ಹೋಗಿಲ್ಲ, `Transparency threshold` ಇನ್ನೂ ಸ್ವಲ್ಪ ಏರಬೇಕು. ಪರದೆಯ ಮೇಲೆ ಹೊಳೆಯದ ಈ ಚೌಕ ಮುದ್ರಿಸಿದಾಗ ಸಣ್ಣ ಸಣ್ಣ ಚುಕ್ಕೆಗಳಾಗಿ ಎದ್ದು ಕಾಣುತ್ತದೆ, ಹಾಗಾಗಿ ಉದಾಸೀನ ಮಾಡಬೇಡಿ. ಕಪ್ಪಿನ ಮೇಲೆ ನೇರಳೆಯ ಬಿಡಿ ಚುಕ್ಕೆಗಳು ಕಂಡರೆ ಅವು ಗಾಜಿನ ಮೇಲಿನ ಧೂಳಿನವು. ಸೀಲಿನ ಹೊರಗಿರುವವನ್ನು ಅಳಿಸಿ, ಒಳಗಿರುವವನ್ನು ಅಕ್ಷರದಿಂದ ದೂರವಿದ್ದರೆ ಮಾತ್ರ ಮುಟ್ಟಿ. ಕೊನೆಗೆ ಕಾಗದದ ಬಣ್ಣದ ಪದರದ ಮೇಲಿಟ್ಟು ಮೂಲ ಸ್ಕ್ಯಾನಿನ ಪಕ್ಕದಲ್ಲಿ ಹೋಲಿಸಿ. ಲೆಕ್ಕ ಸರಿಯಿದ್ದರೆ ಎರಡರ ನಡುವೆ ಕಣ್ಣಿಗೆ ವ್ಯತ್ಯಾಸ ತಿಳಿಯಬಾರದು. ಸಣ್ಣ ಗೆರೆಗಳು ಮೂಲಕ್ಕಿಂತ ದಪ್ಪವಾಗಿದ್ದರೆ `Opacity threshold` ತೀರ ಕೆಳಗಿದೆ, ಸೀಲು ಪೇಲವವಾಗಿದ್ದರೆ ತೀರ ಮೇಲಿದೆ.

ದಾಖಲೆಯಲ್ಲಿ ಇಡುವಾಗ ಗಾತ್ರವನ್ನು ಕಣ್ಣಳತೆಗೆ ಬಿಡದೆ ಅಳತೆಪಟ್ಟಿಯಿಂದ ಅಳೆದ ನಿಜವಾದ ವ್ಯಾಸಕ್ಕೇ ಹೊಂದಿಸಿ, ನಿಮ್ಮದು 38 ಮಿ.ಮೀ. ಇದ್ದರೆ 3.8 ಸೆಂ.ಮೀ. ಕತ್ತರಿಸುವಾಗ ಸುತ್ತ ಬಿಟ್ಟ ಖಾಲಿ ಅಂಚೂ ಚಿತ್ರದ ಅಗಲಕ್ಕೆ ಸೇರುತ್ತದೆ ಎಂಬುದು ನೆನಪಿರಲಿ. ಬೇಕಾದರೆ ಈಗ ಹೊರವೃತ್ತಕ್ಕೆ ತಾಗುವಂತೆ ಮತ್ತೊಮ್ಮೆ ಕತ್ತರಿಸಿಕೊಳ್ಳಿ. ವರ್ಡ್ ಬಳಸುವವರು ಒಂದು ಆಯ್ಕೆಯನ್ನು ಬದಲಿಸಬೇಕು: ಅದು ಚಿತ್ರಗಳನ್ನು ಕುಗ್ಗಿಸಿ ಉಳಿಸುವ ಅಭ್ಯಾಸ ಹೊಂದಿದೆ, 600 ಡಿಪಿಐನಲ್ಲಿ ಉಳಿಸಿಕೊಂಡ ಒತ್ತಕ್ಷರಗಳು ಅಲ್ಲಿ ಮತ್ತೆ ಮುಚ್ಚಿಹೋಗಬಹುದು. `File → Options → Advanced` ಒಳಗೆ `Do not compress images in file` ಗುರುತು ಹಾಕಿ.

ಸಹಿಯ ಅಥವಾ ಪದನಾಮದ ಮೇಲೆ ಹಾದುಹೋಗುವಂತೆ ಸೀಲನ್ನು ಇಡುವಾಗ ಅದನ್ನು ಅಕ್ಷರಗಳ ಹಿಂದೆ, ಅಂದರೆ `Behind Text` ಎಂದು ಇಡಿ. ಪ್ಯಾಡಿನ ಶಾಯಿ ಕಪ್ಪು ಅಕ್ಷರವನ್ನು ಮುಚ್ಚುವುದಿಲ್ಲ. ಅದರ ಮೇಲೆ ಬಿದ್ದರೂ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ಚಿತ್ರವನ್ನು ಅಕ್ಷರದ ಮುಂದೆ ಇಟ್ಟರೆ ನೇರಳೆ ಕಪ್ಪನ್ನು ಮುಚ್ಚಿ, ಸೀಲು ಅಂಟಿಸಿದ ಚೀಟಿಯಂತೆ ಕಾಣುತ್ತದೆ. ಸಹಿಯೂ ಚಿತ್ರವಾಗಿದ್ದರೆ ಅದನ್ನೂ ಇದೇ ರೀತಿ ಪಾರದರ್ಶಕವಾಗಿ ಮಾಡಿ ಸೀಲಿನ ಮುಂದೆ ಇಡಿ.

ಪಿಡಿಎಫ್ ಬಗ್ಗೆ ಒಂದು ಮಿತಿ ಗೊತ್ತಿರಲಿ. ಸಾಮಾನ್ಯ ಪಿಡಿಎಫ್‌ನಲ್ಲಿ ಈ ಪಾರದರ್ಶಕತೆ ಹಾಗೆಯೇ ಉಳಿಯುತ್ತದೆ. ಆದರೆ ದೀರ್ಘಕಾಲ ಕಾಯ್ದಿಡುವ ದಾಖಲೆಗಳಿಗೆಂದು 2005ರಲ್ಲಿ ರೂಪುಗೊಂಡ ಪಿಡಿಎಫ್/ಎ-1 ಮಾದರಿಯಲ್ಲಿ ಪಾರದರ್ಶಕತೆಗೆ ಅನುಮತಿಯಿಲ್ಲ. 2011ರ ಪಿಡಿಎಫ್/ಎ-2ರಲ್ಲಿ ಇದೆ. ಯಾವುದಾದರೂ ಕಚೇರಿ ಮೊದಲನೆಯದನ್ನೇ ಕೇಳಿದರೆ, ಪರಿವರ್ತನೆಯ ನಂತರ ಸೀಲಿನ ಸುತ್ತ ಬಿಳಿ ಚೌಕ ಬಂದಿದೆಯೇ ಎಂದು ತೆರೆದು ನೋಡಿ.

ಇನ್ನುಳಿದದ್ದು ಈ ಚಿತ್ರದ ರಕ್ಷಣೆ. ಇದನ್ನು ತಾಂತ್ರಿಕ ಸಂಗತಿಯಷ್ಟೇ ಗಂಭೀರವಾಗಿ ನಾನು ಹೇಳುತ್ತಿದ್ದೇನೆ, ಏಕೆಂದರೆ ಶುಚಿಯಾಗಿ ಬೇರ್ಪಟ್ಟ ಸೀಲು ಯಾರ ಕೈಗೆ ಸಿಕ್ಕರೂ ಅವರ ಕೈಯಲ್ಲಿ ನಿಮ್ಮ ಸಂಘದ ಸೀಲೇ ಇದ್ದಂತೆ. ವರ್ಡ್ ಕಡತವನ್ನು ಹೊರಗೆ ಕಳಿಸಬೇಡಿ. ಡಾಕ್ಸ್ ಕಡತ ಒಳಗಿನಿಂದ ಒಂದು ಜಿಪ್ ಕಟ್ಟು. ಹೆಸರಿನ ಕೊನೆಯನ್ನು `.zip` ಎಂದು ಬದಲಾಯಿಸಿ ತೆರೆದರೆ `word/media` ಎಂಬ ಫೋಲ್ಡರಿನಲ್ಲಿ ನಿಮ್ಮ ಪಿಎನ್‌ಜಿ ಪಾರದರ್ಶಕತೆಯ ಸಮೇತ ಹಾಗೆಯೇ ಸಿಗುತ್ತದೆ. ಪಿಡಿಎಫ್‌ನಿಂದಲೂ ಹೊರತೆಗೆಯುವ ಸಲಕರಣೆಗಳಿವೆ. ಆದ್ದರಿಂದ ಅಂತಿಮ ಪುಟವನ್ನು 300 ಡಿಪಿಐನಲ್ಲಿ ಒಂದೇ ಚಿತ್ರವಾಗಿ ಮಾಡಿ, ಅದರಿಂದ ಪಿಡಿಎಫ್ ತಯಾರಿಸಿ ಕಳಿಸಿ. ಆಗ ಸೀಲು ಹಾಳೆಯ ಬಣ್ಣ ಮತ್ತು ಅಕ್ಷರಗಳ ಜೊತೆ ಬೆರೆತು ಹೋಗಿರುತ್ತದೆ. ಪತ್ರದ ಸಂಖ್ಯೆ ಮತ್ತು ದಿನಾಂಕ ಸೀಲಿನ ಮೇಲೆ ಹಾದುಹೋಗುವಂತೆ ಇಟ್ಟರೆ ಅದನ್ನು ಬಿಡಿಸಿಕೊಳ್ಳುವುದು ಇನ್ನೂ ಕಷ್ಟ. ಪುಟ ಚಿತ್ರವಾದರೆ ಅದರಲ್ಲಿನ ಪದಗಳನ್ನು ಹುಡುಕಲು, ನಕಲಿಸಲು ಬರುವುದಿಲ್ಲ ಎಂಬ ನಷ್ಟ ಇದ್ದೇ ಇದೆ. ಒಂದು ಪುಟದ ಪ್ರಮಾಣಪತ್ರಕ್ಕೆ ಅದು ದೊಡ್ಡದಲ್ಲ ಎಂಬುದು ನನ್ನ ಅಭಿಪ್ರಾಯ. ಮೂಲ ಸ್ಕ್ಯಾನ್ ಮತ್ತು ಪಿಎನ್‌ಜಿ ಎರಡನ್ನೂ ಕಚೇರಿಯ ಎಲ್ಲರೂ ಬಳಸುವ ಕಂಪ್ಯೂಟರಿನ ಡೆಸ್ಕ್‌ಟಾಪಿನಲ್ಲಿ ಬಿಡದೆ ಪಾಸ್‌ವರ್ಡ್ ಇರುವ ಜಾಗದಲ್ಲಿಡಿ. ಅದನ್ನು ಯಾರು, ಯಾವ ಪತ್ರಗಳಿಗೆ ಬಳಸಬಹುದು ಎಂದು ಆಡಳಿತ ಮಂಡಳಿಯ ಸಭೆಯಲ್ಲಿ ಒಂದು ನಿರ್ಣಯ ಬರೆಸಿಕೊಳ್ಳುವುದು ನಿಮಗೇ ರಕ್ಷಣೆ.

ಕಾನೂನಿನ ದೃಷ್ಟಿಯಲ್ಲಿ ಈ ಚಿತ್ರ ಸಹಿಯಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000 ಮಾನ್ಯತೆ ಕೊಟ್ಟಿರುವುದು ಡಿಜಿಟಲ್ ಸಹಿಗೆ ಮತ್ತು ಅದು ಒಪ್ಪಿದ ವಿದ್ಯುನ್ಮಾನ ಸಹಿಗಳಿಗೆ. ಸೀಲಿನ ಬಿಂಬವನ್ನು ಪುಟದ ಮೇಲೆ ಇಟ್ಟ ಮಾತ್ರಕ್ಕೆ ದಾಖಲೆ ಯಾರಿಂದ ಬಂತು, ಆಮೇಲೆ ಬದಲಾಗಿದೆಯೇ ಎಂಬುದು ಸಾಬೀತಾಗುವುದಿಲ್ಲ. ಸದಸ್ಯರಿಗೆ ಕೊಡುವ ತಿಳಿವಳಿಕೆ ಪತ್ರ, ಸಭೆಯ ನೋಟಿಸಿನಂಥವುಗಳಿಗೆ ಸೀಲಿನ ಚಿತ್ರ ಸಾಕಾಗಬಹುದು. ಬ್ಯಾಂಕಿಗೆ ಅಥವಾ ಇಲಾಖೆಗೆ ಹೋಗುವ ದಾಖಲೆಗಳಿಗೆ, ಅವರು ಒಪ್ಪುವುದಾದರೆ ನಿಮ್ಮ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿ ಪ್ರಮಾಣಪತ್ರದ ಟೋಕನ್ನಿನಿಂದ ಸಹಿ ಹಾಕಿ, ಇಲ್ಲವಾದರೆ ಕಾಗದದ ಮೇಲೆಯೇ ನಿಜವಾದ ಸೀಲನ್ನು ಒತ್ತಿ. ಎರಡನ್ನೂ ಬಳಸುವುದಾದರೆ ಕ್ರಮ ಹೀಗಿರಲಿ: ಸೀಲಿನ ಚಿತ್ರವನ್ನು ಮೊದಲು ಇಟ್ಟು, ಪುಟವನ್ನು ಚಿತ್ರವಾಗಿಸಿ, ಪಿಡಿಎಫ್ ಸಿದ್ಧಪಡಿಸಿ, ಎಲ್ಲಕ್ಕಿಂತ ಕೊನೆಯಲ್ಲಿ ಡಿಜಿಟಲ್ ಸಹಿ ಹಾಕಬೇಕು. ಸಹಿಯಾದ ಪಿಡಿಎಫ್‌ಗೆ ಆಮೇಲೆ ಸೀಲು ಸೇರಿಸಿದರೆ, ತೆರೆದವರ ಪರದೆಯ ಮೇಲೆ ಸಹಿಯ ನಂತರ ದಾಖಲೆ ಬದಲಾಗಿದೆ ಎಂಬ ಎಚ್ಚರಿಕೆ ಬರುತ್ತದೆ, ಅಥವಾ ಸಹಿಯೇ ಅಮಾನ್ಯ ಎಂದು ತೋರಿಸುತ್ತದೆ.